ವಾಟ್ಸಾಪ್‌ನ 'ಚದರ ಮೀಟರ್ ಪಟ್ಟಿ' ನಂಬಿ ಪ್ಲಾಸ್ಟರ್ ಗುತ್ತಿಗೆ ಹಿಡಿದು ಕೈ ಸುಟ್ಟುಕೊಂಡೆ

ಗೌಂಡಿ ಕೆಲಸಕ್ಕೆ ಹೊಸದಾಗಿ ಇಳಿದವರು, ಅದರಲ್ಲೂ ಮಾಲು ಸಮೇತ ಗುತ್ತಿಗೆ ಹಿಡಿಯುವವರು ಇದನ್ನು ಒಮ್ಮೆ ಓದಿಬಿಡಿ. ನನಗೆ ಹೋದ ದುಡ್ಡು ವಾಪಸ್ ಬರುವುದಿಲ್ಲ, ನಿಮ್ಮದಾದರೂ ಉಳಿಯಲಿ.

ನಾನು ಬಾಗಲಕೋಟೆಯ ನವನಗರದಲ್ಲಿ ಐದಾರು ವರ್ಷ ಬೇರೆಯವರ ಕೈಕೆಳಗೆ ಕೆಲಸ ಮಾಡಿದವನು. ಅಲ್ಲಿ ಎಲ್ಲ ಇಟ್ಟಂಗಿ ಗೋಡೆ. ಮಾಲು ಎಷ್ಟು ಬೇಕು ಅನ್ನೋದು ಮೇಸ್ತ್ರಿಯ ತಲೆನೋವು, ನನ್ನದಲ್ಲ. ಹೋದ ಬೇಸಿಗೆಯಲ್ಲಿ ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ಮೊದಲ ಸಲ ಸ್ವಂತ ಗುತ್ತಿಗೆ ಸಿಕ್ಕಿತು. ಹಳೇ ಮನೆ, ಕೆಂಪು ಕಲ್ಲಿನ ಗೋಡೆ, ಒಟ್ಟು 240 ಚದರ ಮೀಟರ್ ಪ್ಲಾಸ್ಟರ್. ಸಿಮೆಂಟ್, ಉಸುಕು, ಕೂಲಿ ಎಲ್ಲ ಸೇರಿಸಿ ಒಂದೇ ರೇಟು ಹೇಳಬೇಕಿತ್ತು.

ಆಗ ಕೈಗೆ ಸಿಕ್ಕಿದ್ದು ಯಾವುದೋ ಗುಂಪಿನಲ್ಲಿ ತಿರುಗುತ್ತಿದ್ದ ಒಂದು ಪಟ್ಟಿ. ಒಂದು ಚದರ ಮೀಟರ್‌ಗೆ ಯಾವ ಕೆಲಸಕ್ಕೆ ಎಷ್ಟು ಸಿಮೆಂಟ್, ಎಷ್ಟು ಉಸುಕು ಅಂತ ಚಂದವಾಗಿ ಬಣ್ಣ ಹಾಕಿ ಬರೆದಿದ್ದರು. '12 ಮಿ.ಮೀ. ಪ್ಲಾಸ್ಟರ್, 1:5 ಮಿಶ್ರಣ: ಸಿಮೆಂಟ್ 2.9 ಕೆ.ಜಿ., ಉಸುಕು 10 ಲೀಟರ್.' ನಾನು 240ರಿಂದ ಗುಣಿಸಿದೆ. 14 ಚೀಲ ಸಿಮೆಂಟ್, ಒಂದು ಬ್ರಾಸ್‌ಗಿಂತ ಕಡಿಮೆ ಉಸುಕು. ಅಷ್ಟಕ್ಕೇ ರೇಟು ಕೊಟ್ಟೆ.

ಹೇಳುವ ಮೊದಲು ನಮ್ಮ ಓಣಿಯ ಹಿರಿಯ ಗೌಂಡಿ ಒಬ್ಬರನ್ನು ಕೇಳಿದ್ದೆ. "ಇಟ್ಟಂಗಿ ಗ್ವಾಡಿ ಇದ್ರ ನೂರು ಚದರಡಿಗೆ ಒಂದ ಚೀಲ ಹಿಡಿ. ಕಲ್ಲಿನ ಗ್ವಾಡಿ ಇದ್ರ ನಾ ಬಂದು ನೋಡಿ ಹೇಳತೀನಿ" ಅಂದಿದ್ದರು. ಅವರ ಲೆಕ್ಕದಲ್ಲಿ ಇಟ್ಟಂಗಿ ಗೋಡೆಗೇ 26 ಚೀಲ ಆಗುತ್ತಿತ್ತು. ಮಾಮಾ ಹಳೇ ಕಾಲದವರು, ಜಾಸ್ತಿ ಹೇಳ್ತಾರೆ ಅಂದುಕೊಂಡು ಸುಮ್ನೆ ಬಂದೆ. ಬಣ್ಣದ ಪಟ್ಟಿಯ ಮೇಲೆ ಅಷ್ಟು ನಂಬಿಕೆ!

ಕೆಲಸ ಶುರುವಾಗಿ ಆರನೇ ದಿನ ಸಿಮೆಂಟ್ ಮುಗಿಯಿತು. ಅಳೆದು ನೋಡಿದರೆ ಆಗಿದ್ದು ಬರೀ 100 ಚದರ ಮೀಟರ್, ಅರ್ಧವೂ ಇಲ್ಲ. ಮನೆ ಯಜಮಾನರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು, "ಯಾಕ ತಮ್ಮಾ, ಇಷ್ಟ ಲಗೂನ ಖಾಲಿ ಆತೇನು?" ಅಂದರು. "ಇಲ್ಲ ಕಾಕಾ, ಇನ್ನೊಂದಿಷ್ಟು ತರಬೇಕು ಅಷ್ಟ" ಅಂತ ನಕ್ಕೆ. ಒಳಗೆ ಬೆವರುತ್ತಿದ್ದೆ.

ಮತ್ತೆ 14 ಚೀಲ ಸಾಲದ ಮೇಲೆ ತಂದೆ. 200 ಮೀಟರ್ ದಾಟುವಷ್ಟರಲ್ಲಿ ಅದೂ ಮುಗಿಯಿತು. ಕೊನೆಯ ಕೋಣೆ, ಸುಮಾರು 40 ಚದರ ಮೀಟರ್, ಉಳಿದಿತ್ತು. ಇಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ನಾಲ್ಕು ಚೀಲದಲ್ಲಿ ಮುಗಿಸೋಣ ಅಂತ ಉಸುಕು ಹೆಚ್ಚಿಸಿ 1:8 ಕಲಸಿದೆ. ಹಸಿ ಇದ್ದಾಗ ಯಾರಿಗೂ ಗೊತ್ತಾಗಲಿಲ್ಲ, ಬಣ್ಣ ಮಾತ್ರ ಸ್ವಲ್ಪ ಕಂದು. ಹತ್ತು ದಿನಕ್ಕೆ ಯಜಮಾನರು ಕರೆಸಿದರು. ಮೊಳೆಯಿಂದ ಗೋಡೆ ಗೀರಿ ತೋರಿಸಿದರು. ಗೀರಿದ ಕಡೆ ಗೆರೆ ಬೀಳುವ ಬದಲು ಉಸುಕು ಪುಡಿಪುಡಿಯಾಗಿ ಉದುರಿ ನೆಲದ ಮೇಲೆ ಸಣ್ಣ ರಾಶಿಯಾಯಿತು. ಬೆರಳಿನ ಗೆಣ್ಣಿನಿಂದ ಬಡಿದರೆ ಎರಡು ಕಡೆ ಡಬ್ಬ ಬಡಿದ ಹಾಗೆ ಸದ್ದು. ಆ ಕೋಣೆಯನ್ನು ಪೂರ್ತಿ ಕೆರೆದು ಮತ್ತೆ ಮಾಡಿಕೊಟ್ಟೆ. ಒಟ್ಟು 37 ಚೀಲ ಹೋಯಿತು. ಕೂಲಿಯೂ ಸೇರಿ ಕೈಯಿಂದ 20,000 ರೂಪಾಯಿಗೂ ಜಾಸ್ತಿ.

ಆಮೇಲೆ ಕೂತು ಲೆಕ್ಕ ಹಾಕಿದೆ. ತಪ್ಪು ಎರಡು ಕಡೆ ಇತ್ತು. ಒಂದು ಪಟ್ಟಿಯದು, ಇನ್ನೊಂದು ನನ್ನದು.

ಪಟ್ಟಿಯ ತಪ್ಪು ನೋಡಿ. ಒಂದು ಚದರ ಮೀಟರ್ ಗೋಡೆಗೆ ಒಂದು ಮಿ.ಮೀ. ದಪ್ಪ ಬಳಿದರೆ ಸರಿಯಾಗಿ ಒಂದು ಲೀಟರ್ ಮಾಲು. ಇದೊಂದು ತಲೆಯಲ್ಲಿದ್ದರೆ ಪಟ್ಟಿಯೇ ಬೇಡ. ಹಾಗಾದರೆ 12 ಮಿ.ಮೀ.ಗೆ 12 ಲೀಟರ್. ಆದರೆ ಅದು ಕಲಸಿದ ಹಸಿ ಮಾಲು. ಒಣ ಉಸುಕಿನ ಕಾಳುಗಳ ನಡುವೆ ಸಂದು ಇರುತ್ತದೆ. ನೀರು ಹಾಕಿ ಕಲಸಿದಾಗ ಸಿಮೆಂಟ್ ಆ ಸಂದಿನಲ್ಲಿ ಕೂರುತ್ತದೆ, ರಾಶಿ ಕುಗ್ಗುತ್ತದೆ. ಹಾಗಾಗಿ ಒಂದು ಲೀಟರ್ ಹಸಿ ಮಾಲಿಗೆ ಸುಮಾರು 1.3 ಲೀಟರ್ ಒಣ ಮಾಲು ಬೇಕು. ಪಟ್ಟಿ ಮಾಡಿದ ಪುಣ್ಯಾತ್ಮ 12 ಲೀಟರನ್ನೇ ಆರು ಪಾಲು ಮಾಡಿ, ಒಂದು ಪಾಲು ಸಿಮೆಂಟ್ ಅಂತ ಬರೆದುಬಿಟ್ಟಿದ್ದ. ಸರಿಯಾಗಿ ಮಾಡಿದರೆ 12ಕ್ಕೆ 1.3 ಗುಣಿಸಿ 15.6 ಲೀಟರ್, ಅದರ ಆರನೇ ಒಂದು ಪಾಲು 2.6 ಲೀಟರ್ ಸಿಮೆಂಟ್. ಒಂದು ಲೀಟರ್ ಸಿಮೆಂಟ್ 1.44 ಕೆ.ಜಿ. ತೂಗುತ್ತದೆ ಅಂತ ಹಿಡಿಯುವುದು ರೂಢಿ. ಅಲ್ಲಿಗೆ 3.7 ಕೆ.ಜಿ. ಇಷ್ಟರಲ್ಲೇ 14 ಚೀಲ 18 ಆಯಿತು.

ನಿಮ್ಮ ಹತ್ತಿರ ಇರುವ ಪಟ್ಟಿ ಸರಿಯೋ ತಪ್ಪೋ ಅಂತ ಹೀಗೇ ಪರೀಕ್ಷೆ ಮಾಡಬಹುದು. 12 ಮಿ.ಮೀ., 1:5 ಅಂತ ಬರೆದ ಸಾಲು ಹುಡುಕಿ. ಸಿಮೆಂಟ್ 3 ಕೆ.ಜಿ.ಗಿಂತ ಕಡಿಮೆ ಇದ್ದರೆ ಆ ಪಟ್ಟಿ ಹಸಿ ಲೆಕ್ಕದ್ದು, ಅಳಿಸಿಬಿಡಿ.

ನನ್ನ ತಪ್ಪು ಇನ್ನೂ ದೊಡ್ಡದು. 12 ಮಿ.ಮೀ. ಅನ್ನೋದು ಇಟ್ಟಂಗಿ ಗೋಡೆಯ ಸಾಫ್ ಮುಖಕ್ಕೆ. ಅದೇ ಇಟ್ಟಂಗಿ ಗೋಡೆಯ ಒರಟು ಮುಖಕ್ಕೆ 15 ಬೇಕು. ಕಲ್ಲಿನ ಗೋಡೆ ಅಂದರೆ ಒಂದು ಕಲ್ಲು ಹೊಟ್ಟೆ ಮುಂದೆ ಹಾಕಿರುತ್ತದೆ, ಪಕ್ಕದ್ದು ಒಳಗೆ ಹೋಗಿರುತ್ತದೆ. ಅತಿ ಮುಂದಿರುವ ಕಲ್ಲಿನ ಮೇಲೂ ಸ್ವಲ್ಪ ಮಾಲು ಕೂರಬೇಕಲ್ವಾ? ಹಾಗಾಗಿ ಉಳಿದ ಜಾಗವೆಲ್ಲ ದಪ್ಪ ಆಗಲೇಬೇಕು.

ಇದನ್ನು ರೇಟು ಹೇಳುವ ಮೊದಲೇ ಅರ್ಧ ಗಂಟೆಯಲ್ಲಿ ತಿಳಿಯಬಹುದಿತ್ತು. ಓಳಂಬ ಬಿಟ್ಟು, ಗೋಡೆಯ ಎರಡೂ ತುದಿಗೆ ಮೊಳೆ ಹೊಡೆದು ದಾರ ಎಳೆಯಿರಿ. ಅತಿ ಮುಂದಿರುವ ಕಲ್ಲಿನಿಂದ ದಾರ 12 ಮಿ.ಮೀ. ದೂರ ಇರಲಿ. ಆಮೇಲೆ ಮೇಲೆ, ನಡುವೆ, ಕೆಳಗೆ ಸೇರಿ ಹತ್ತು ಕಡೆ ದಾರದಿಂದ ಕಲ್ಲಿಗೆ ಎಷ್ಟು ಅಂತ ಸ್ಕೇಲಿನಿಂದ ಅಳೆಯಿರಿ. ನಾನು ಕೆರೆದ ಕೋಣೆಯಲ್ಲಿ ಅಳೆದಾಗ ಬಂದದ್ದು ಹೀಗೆ: 12, 14, 18, 31, 22, 16, 27, 19, 24, 17. ಕೂಡಿಸಿದರೆ 200, ಹತ್ತರಿಂದ ಭಾಗಿಸಿದರೆ ಸರಾಸರಿ 20 ಮಿ.ಮೀ. ಇಷ್ಟೇ. ಕಣ್ಣಿಗೆ ಮಾತ್ರ ಆ ಗೋಡೆ 'ಪರವಾಗಿಲ್ಲ' ಅನ್ನುವ ಹಾಗೇ ಕಾಣುತ್ತಿತ್ತು.

20 ಮಿ.ಮೀ. ಅಂದರೆ 26 ಲೀಟರ್ ಒಣ ಮಾಲು. ಆರು ಪಾಲಿನಲ್ಲಿ ಸಿಮೆಂಟ್ 4.3 ಲೀಟರ್, ಅಂದರೆ 6.2 ಕೆ.ಜಿ. 240 ಚದರ ಮೀಟರ್‌ಗೆ 30 ಚೀಲ. ಕೆಳಗೆ ಬೀಳುವುದು, ಬುಟ್ಟಿಯಲ್ಲಿ ಉಳಿಯುವುದು ಅಂತ ನೂರಕ್ಕೆ ಹತ್ತು ಸೇರಿಸಿದರೆ 33. ಉಸುಕು ಎರಡು ಬ್ರಾಸ್. ನಾನು ರೇಟು ಕೊಟ್ಟಿದ್ದು 14 ಚೀಲಕ್ಕೆ!

ಈಗ ನಾನು ಇಟ್ಟುಕೊಂಡಿರುವ ಪಟ್ಟಿ ಇದು. ಒಂದು ಚದರ ಮೀಟರ್‌ಗೆ, ಒಣ ಮಾಲಿನ ಲೆಕ್ಕ. ನೂರಕ್ಕೆ ಹತ್ತರ ನಷ್ಟ ಇದರಲ್ಲಿ ಸೇರಿಲ್ಲ, ಕೊನೆಯಲ್ಲಿ ನೀವೇ ಸೇರಿಸಿ.

| ಕೆಲಸ | ದಪ್ಪ | ಮಿಶ್ರಣ | ಸಿಮೆಂಟ್ | ಉಸುಕು |
|---|---|---|---|---|
| ಸ್ಲ್ಯಾಬಿನ ತಳ | 6 ಮಿ.ಮೀ. | 1:3 | 2.8 ಕೆ.ಜಿ. | 6 ಲೀಟರ್ |
| ಇಟ್ಟಂಗಿ, ಸಾಫ್ ಮುಖ | 12 ಮಿ.ಮೀ. | 1:5 | 3.7 ಕೆ.ಜಿ. | 13 ಲೀಟರ್ |
| ಇಟ್ಟಂಗಿ, ಒರಟು ಮುಖ | 15 ಮಿ.ಮೀ. | 1:5 | 4.7 ಕೆ.ಜಿ. | 16 ಲೀಟರ್ |
| ಕಲ್ಲಿನ ಗೋಡೆ | 20 ಮಿ.ಮೀ. | 1:5 | 6.2 ಕೆ.ಜಿ. | 22 ಲೀಟರ್ |
| ಟೈಲ್ಸ್ ಕೆಳಗಿನ ಮಾಲು | 20 ಮಿ.ಮೀ. | 1:4 | 7.5 ಕೆ.ಜಿ. | 21 ಲೀಟರ್ |

ಟೈಲ್ಸ್ ಸಾಲಿನಲ್ಲಿ ಮೇಲೆ ಸುರಿಯುವ ಸಿಮೆಂಟ್ ಹಾಲು ಸೇರಿಲ್ಲ. ಕಲ್ಲಿನ ಸಾಲಿನ 20 ಅನ್ನೋದು ನನ್ನ ಆ ಗೋಡೆಯದು, ನಿಮ್ಮದು 26 ಇರಬಹುದು. ಎಷ್ಟು ಬಂದರೂ ಅದನ್ನು 1.3ರಿಂದ ಗುಣಿಸಿ ಪಾಲು ಮಾಡಿದರೆ ಆಯಿತು. ಮಾಮಾ ಹೇಳಿದ 'ನೂರು ಚದರಡಿಗೆ ಒಂದು ಚೀಲ'ವನ್ನೂ ಇದರಲ್ಲಿ ತಾಳೆ ನೋಡಿದೆ. 15 ಮಿ.ಮೀ. ಸಾಲಿಗೆ ನಷ್ಟ ಸೇರಿಸಿದರೆ ಒಂದು ಚೀಲಕ್ಕೆ 9.7 ಚದರ ಮೀಟರ್, ಅಂದರೆ 104 ಚದರಡಿ. ಪಟ್ಟಿ ನೋಡದೆ ಹೇಳಿದ್ದು ಕರೆಕ್ಟಾಗಿತ್ತು. ಆಮೇಲೆ ಅವರ ಮನೆಗೆ ಹೋಗಿ ಚಹಾ ಕುಡಿದು ಬಂದೆ, ಲೆಕ್ಕದ ಸುದ್ದಿ ಮಾತ್ರ ಎತ್ತಲಿಲ್ಲ.

ದಪ್ಪ ಜಾಸ್ತಿ ಬಂತು ಅಂತ 20 ಮಿ.ಮೀ. ಒಂದೇ ಸಲ ಬಳಿಯಬೇಡಿ. ಅದು ತನ್ನ ಭಾರಕ್ಕೇ ಜಾರುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಕಲ್ಲಿನ ನಡುವಿನ ಆಳವಾದ ಗುಂಡಿಗಳಿಗೆ ಹಿಂದಿನ ದಿನವೇ ಸಣ್ಣ ಚಿಪ್ಪುಕಲ್ಲು ಇಟ್ಟು ಮಾಲು ತುಂಬಿ. ಮಾರನೇ ದಿನ ಮೊದಲ ಪದರ ಹಾಕಿ, ಹಸಿ ಇರುವಾಗಲೇ ಕರಣಿಯ ತುದಿಯಿಂದ ಗೀರಿ ಬಿಡಿ. ಅದು ಬಿಗಿದ ಮೇಲೆ ನೀರು ಚಿಮುಕಿಸಿ ಎರಡನೆಯದು. ನಮ್ಮ ಕಡೆ ಕೆಂಪು ಕಲ್ಲು ನೀರು ಕುಡಿಯುತ್ತದೆ. ಒಣ ಕಲ್ಲಿಗೆ ಬಳಿದರೆ ಮಾಲಿನ ನೀರನ್ನೇ ಎಳೆದುಕೊಂಡು ಪ್ಲಾಸ್ಟರ್ ಬಿಟ್ಟುಕೊಳ್ಳುತ್ತದೆ. ನನ್ನ ಕೋಣೆಯ ಡಬ್ಬ ಸದ್ದಿಗೆ ಅರ್ಧ ಕಾರಣ ಇದೇ ಇರಬೇಕು. ಬೇಸಿಗೆ ಬೇರೆ, ಗೋಡೆ ನೆನೆಸಲು ಬೇಜಾರು ಮಾಡಿಕೊಂಡಿದ್ದೆ.

ಕೊನೆಗೆ ಉಸುಕಿನ ಟ್ರ್ಯಾಕ್ಟರ್. ನನಗೆ 'ಒಂದು ಬ್ರಾಸ್' ಅಂತ ಬಂದ ಎರಡನೇ ಟ್ರಾಲಿಯಲ್ಲಿ ಒಂದು ಬ್ರಾಸ್ ಇರಲೇ ಇಲ್ಲ. ಬ್ರಾಸ್ ಅಂದರೆ 100 ಘನ ಅಡಿ, ಸುಮಾರು 2,830 ಲೀಟರ್. ಸುರಿಯುವ ಮೊದಲೇ ಮೇಲೆ ಹತ್ತಿ ಉಸುಕನ್ನು ಸಲಿಕೆಯಿಂದ ಮಟ್ಟ ಮಾಡಿ, ಒಳಗಿನ ಉದ್ದ, ಅಗಲ, ಉಸುಕಿನ ಎತ್ತರ ಅಡಿಯಲ್ಲಿ ಅಳೆದು ಗುಣಿಸಿ. 9 ಅಡಿ ಉದ್ದ, ಐದೂವರೆ ಅಗಲ, 2 ಅಡಿ ಎತ್ತರ ಇದ್ದರೆ 99, ಸರಿ ಇದೆ. ಎತ್ತರ ಒಂದೂವರೆ ಅಡಿ ಇದ್ದರೆ 74, ಅಂದರೆ ಮುಕ್ಕಾಲು ಬ್ರಾಸ್. ಉಸುಕು ಹಸಿ ಇದ್ದರೆ ಇನ್ನೂ ಹುಷಾರು. ತೇವದ ಉಸುಕು ಉಬ್ಬಿ ನೂರಕ್ಕೆ 20-25ರಷ್ಟು ಜಾಸ್ತಿ ಕಾಣಬಹುದು, ಒಣಗಿದ ಮೇಲೆ ಕುಗ್ಗುತ್ತದೆ. ಹಾಗಿದ್ದಾಗ ನಾನು ಈಗ ಕಾಲು ಬ್ರಾಸ್ ಹೆಚ್ಚಿಗೆ ಹೇಳುತ್ತೇನೆ, ಇಲ್ಲವೇ ರೇಟು ಇಳಿಸಿ ಅಂತ ಟ್ರಾಲಿಯ ಮೇಲೆ ನಿಂತೇ ಜಗಳ ತೆಗೆಯುತ್ತೇನೆ.