ಹಳೆ ಲ್ಯಾಪ್‌ಟಾಪ್ ಡಿಸ್ಕಿಗೆ ಯಾವ ಎನ್‌ಕ್ಲೋಶರ್? ಮೂರು ಕೇಸ್, ಎರಡು ಡಿಸ್ಕ್, ಒಂದಿಷ್ಟು ಕೇಬಲ್

ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಡಿಸ್ಕನ್ನು ಯುಎಸ್‌ಬಿ ಮೂಲಕ ಹೊರಗಿನಿಂದ ಬಳಸಲು ಹಾಕುವ ಪೆಟ್ಟಿಗೆಯೇ ಎನ್‌ಕ್ಲೋಶರ್, ಅಂದರೆ ಕೇಸ್. ಹೋಲಿಕೆಗೆ ತೆಗೆದುಕೊಂಡಿದ್ದು ಅಂಥ ಮೂರು. ಮೊದಲನೆಯದು ಹಳೆಯ ಯುಎಸ್‌ಬಿ 2.0 ಕೇಸ್. ಎರಡನೆಯದು ಅಗಲವಾದ ಮೈಕ್ರೋ-ಬಿ ಕಿಂಡಿಯ ಯುಎಸ್‌ಬಿ 3.0 ಕೇಸ್, ಒಳಗೆ ಜೆಎಂಎಸ್578 ಚಿಪ್. ಮೂರನೆಯದು ಟೈಪ್-ಸಿ ಕಿಂಡಿಯದು, 10 ಗಿಗಾಬಿಟ್ ಎಂದು ಬರೆದುಕೊಂಡದ್ದು, ಒಳಗೆ ಎಎಸ್‌ಎಂ235ಸಿಎಂ ಚಿಪ್. ಇವುಗಳಿಗೆ ಸರದಿಯಲ್ಲಿ ಹಾಕಿ ನೋಡಿದ್ದು ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಎರಡು ಡಿಸ್ಕ್: 5400 ಆರ್‌ಪಿಎಂನ 500 ಜಿಬಿ ಹಾರ್ಡ್ ಡಿಸ್ಕ್ ಮತ್ತು 256 ಜಿಬಿ ಸಾಟಾ ಎಸ್‌ಎಸ್‌ಡಿ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ತಿರುಗುವ ಡಿಸ್ಕಿಗೆ ಎರಡನೇ ಕೇಸ್ ಸಾಕು, ಮೂರನೆಯದಕ್ಕೆ ಹೆಚ್ಚು ದುಡ್ಡು ಕೊಟ್ಟರೆ ಅದು ಪೋಲು. ಎಸ್‌ಎಸ್‌ಡಿಗೆ ಮೂರನೆಯದು ಸ್ವಲ್ಪ ಮುಂದೆ. ಆದರೆ ತಪ್ಪು ಕೇಬಲ್ ಸಿಕ್ಕಿಸಿದರೆ ಮೂರೂ ಒಂದೇ.

ಕೇಸ್ ಕೊಳ್ಳುವ ಮೊದಲು ಡಿಸ್ಕಿನ ಅಂಚು ನೋಡಬೇಕು. ಎರಡು ಸಾಲು ಸೂಜಿಯಂಥ ಪಿನ್‌ಗಳಿದ್ದರೆ ಅದು ಐಡಿಇ, ಇಲ್ಲಿ ಹೇಳುವ ಯಾವ ಕೇಸೂ ಅದಕ್ಕೆ ಆಗುವುದಿಲ್ಲ. ಎಲ್ ಆಕಾರದ ಎರಡು ಚಪ್ಪಟೆ ನಾಲಿಗೆಗಳಿದ್ದರೆ ಸಾಟಾ: ಚಿಕ್ಕದು 7 ಸಂಪರ್ಕಗಳ ಡೇಟಾ ಭಾಗ, ದೊಡ್ಡದು 15 ಸಂಪರ್ಕಗಳ ಪವರ್ ಭಾಗ. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಆಗಿದ್ದರೆ ಲೆಕ್ಕವೇ ಬೇರೆ. ಅದರಲ್ಲಿ ಸಾಟಾ, ಎನ್‌ವಿಎಂಇ ಎರಡೂ ಬರುತ್ತವೆ, ಒಂದರ ಕೇಸ್ ಸಾಮಾನ್ಯವಾಗಿ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಇಲ್ಲಿನ ಮಾತು 2.5 ಇಂಚಿನ ಸಾಟಾಗೆ ಮಾತ್ರ.

ಇನ್ನೊಂದು, ದಪ್ಪ. ಹಳೆ ಲ್ಯಾಪ್‌ಟಾಪ್ ಡಿಸ್ಕ್ ಬಹುತೇಕ 9.5 ಮಿ.ಮೀ., ಎಸ್‌ಎಸ್‌ಡಿ 7 ಮಿ.ಮೀ. 7ಕ್ಕೆ ಮಾತ್ರ ಮಾಡಿದ ತೆಳು ಕೇಸಿನ ಮುಚ್ಚಳ 9.5ರ ಮೇಲೆ ಕೂರುವುದಿಲ್ಲ. 9.5ರ ಕೇಸಿನಲ್ಲಿ 7ರದ್ದು ಗಲಗಲ ಅಲ್ಲಾಡುತ್ತದೆ, ಅದಕ್ಕೆ ಕೇಸಿನ ಜೊತೆ ಬರುವ ಸ್ಪಂಜನ್ನು ಎಸೆಯದೆ ಡಿಸ್ಕಿನ ಮೇಲೆ ಇಡಬೇಕು. ಲ್ಯಾಪ್‌ಟಾಪ್‌ನಿಂದ ತೆಗೆದಾಗ ಡಿಸ್ಕಿಗೆ ಲೋಹದ ಚೌಕಟ್ಟು ಇರುತ್ತದೆ, ಬದಿಯ ನಾಲ್ಕು ಸ್ಕ್ರೂ ಬಿಚ್ಚಿದರೆ ಅದು ಕಳಚುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಾಟಾ ಬಾಯಿಗೆ ಸಣ್ಣ ಅಡಾಪ್ಟರ್ ತುಂಡೂ ಅಂಟಿಕೊಂಡಿರುತ್ತದೆ. ಅದು ಡಿಸ್ಕಿನದೇ ಭಾಗ ಎಂದುಕೊಂಡು ಕೇಸಿಗೆ ತುರುಕಲು ಹೋಗಿ ಸಂಪರ್ಕದ ಪ್ಲಾಸ್ಟಿಕ್ ಮುರಿದುಕೊಳ್ಳುವವರು ಕಡಿಮೆಯೇನಲ್ಲ. ಅದನ್ನು ನೇರವಾಗಿ ಎಳೆದು ತೆಗೆಯಿರಿ, ಮೇಲಕ್ಕೆ ಎಬ್ಬಬೇಡಿ. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ ಬಿಚ್ಚುವ ಮೊದಲೇ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಾಗ ಅದು ಕೇಳುವುದು ಅದನ್ನೇ.

ಈಗ ಹಾರ್ಡ್ ಡಿಸ್ಕಿನ ಫಲಿತಾಂಶ. ಅಳೆದದ್ದು ಲಿನಕ್ಸ್‌ನಲ್ಲಿ, ಓದುವ ಆಜ್ಞೆ ಮಾತ್ರ ಕೊಟ್ಟು. `sdX` ಜಾಗದಲ್ಲಿ ನಿಮ್ಮ ಡಿಸ್ಕಿನ ಹೆಸರು ಬರಬೇಕು. `of` ಎದುರು ಡಿಸ್ಕಿನ ಹೆಸರು ಬಂದರೆ `dd` ಅದರ ಮೇಲೆ ಬರೆಯಲು ಹೋಗುತ್ತದೆ, ಎಂಟರ್ ಒತ್ತುವ ಮೊದಲು ಎರಡು ಸಲ ಓದಿಕೊಳ್ಳಿ.

```
sudo dd if=/dev/sdX of=/dev/null bs=1M count=4096 iflag=direct
sudo dd if=/dev/sdX of=/dev/null bs=1M count=4096 skip=450000 iflag=direct
```

ಮೊದಲ ಸಾಲು ಡಿಸ್ಕಿನ ಆರಂಭವನ್ನು, ಅಂದರೆ ತಟ್ಟೆಯ ಹೊರ ಅಂಚನ್ನು ಓದುತ್ತದೆ. ಎರಡನೆಯದು ಕೊನೆಯ ಹತ್ತಿರದ ಒಳ ಅಂಚನ್ನು. ಎರಡನೇ ಕೇಸಿನಲ್ಲಿ ಹೊರ ಅಂಚು ಸೆಕೆಂಡಿಗೆ ಸುಮಾರು 95 ಎಂಬಿ, ಒಳ ಅಂಚು 48ರ ಆಸುಪಾಸು. ಮೂರನೇ ಕೇಸಿನಲ್ಲೂ ಅದೇ 95, ಅದೇ 48. ಹತ್ತು ಗಿಗಾಬಿಟ್ ದಾರಿಯಿದ್ದರೂ ತಟ್ಟೆ ತಿರುಗುವ ವೇಗ ಹೆಚ್ಚುವುದಿಲ್ಲವಲ್ಲ. ಮೊದಲ ಕೇಸಿನಲ್ಲಿ ಹೊರ ಅಂಚಿಗೂ 36, ಒಳ ಅಂಚಿಗೂ 36. ಎರಡೂ ತುದಿಯಲ್ಲಿ ಒಂದೇ ಅಂಕಿ ಬಂದರೆ ಅಡ್ಡ ನಿಂತಿರುವುದು ಡಿಸ್ಕ್ ಅಲ್ಲ, ಯುಎಸ್‌ಬಿ. ಈ ಗುರುತು ನೆನಪಿಟ್ಟುಕೊಳ್ಳಿ, ಕೇಬಲ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. 40 ಜಿಬಿ ವಿಡಿಯೊಗಳನ್ನು ನಕಲಿಸಲು ಮೊದಲ ಕೇಸಿಗೆ ಹದಿನೆಂಟು ನಿಮಿಷ ದಾಟುತ್ತದೆ, ಉಳಿದ ಎರಡಕ್ಕೆ ಡಿಸ್ಕಿನ ಹೊರಭಾಗದಲ್ಲಿ ಏಳು ನಿಮಿಷ.

ಸಾವಿರಾರು ಸಣ್ಣ ಫೈಲ್‌ಗಳಾದರೆ ಮೂರೂ ಕೇಸ್ ಒಟ್ಟಿಗೆ ಸೋಲುತ್ತವೆ. 5400 ಆರ್‌ಪಿಎಂ ಎಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್, ಸರಾಸರಿ ಅರ್ಧ ಸುತ್ತು ಕಾಯಬೇಕು, ಅದರ ಮೇಲೆ ಹೆಡ್ ಸರಿಯುವ ಸಮಯ. ಅಲ್ಲಿ ಕೇಸ್ ಬದಲಿಸಿ ಪ್ರಯೋಜನವಿಲ್ಲ.

ಎಸ್‌ಎಸ್‌ಡಿ ಹಾಕಿದಾಗ ಚಿತ್ರ ಬದಲಾಯಿತು. ಮೊದಲ ಕೇಸ್ ಮತ್ತೆ 36. ಎರಡನೆಯದು 430, ಮೂರನೆಯದು 530ರ ಹತ್ತಿರ. 5 ಗಿಗಾಬಿಟ್ ಯುಎಸ್‌ಬಿಯಲ್ಲಿ ಪ್ರತಿ 8 ಬಿಟ್ ಮಾಹಿತಿಗೆ 10 ಬಿಟ್ ಕಳಿಸುವುದರಿಂದ ಕಾಗದದ ಮೇಲೆಯೇ ಮಿತಿ 500 ಎಂಬಿ, ವ್ಯವಹಾರದ ಖರ್ಚು ಕಳೆದರೆ ಉಳಿಯುವುದು ಇಷ್ಟೇ. 10 ಗಿಗಾಬಿಟ್‌ನಲ್ಲಿ ದಾರಿ ಅಗಲವಾಗುತ್ತದೆ, ಆಗ ಸಾಟಾದ ಮಿತಿಯೇ ಎದುರಾಗುತ್ತದೆ. ಹಾಗಾಗಿ ಡಬ್ಬದ ಮೇಲೆ 10 ಎಂದು ನೋಡಿ ಇಮ್ಮಡಿ ವೇಗ ನಿರೀಕ್ಷಿಸಬೇಡಿ. ಆ 40 ಜಿಬಿಯನ್ನು ಓದಲು ಎರಡನೇ ಕೇಸಿಗೆ ಒಂದೂವರೆ ನಿಮಿಷ, ಮೂರನೆಯದಕ್ಕೆ ಒಂದೂಕಾಲು. ಆ ಹದಿನೈದು ಸೆಕೆಂಡಿಗೆ ಎಷ್ಟು ಕೊಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಚಿಪ್ಪಿನ ನಿಜವಾದ ಗುಣ ಗೊತ್ತಾಗುವುದು ಒಂದೇ ಉದ್ದ ಫೈಲಿನಲ್ಲಲ್ಲ. ಬ್ರಿಡ್ಜ್ ಚಿಪ್ ಯುಎಸ್‌ಬಿ ಮಾತನ್ನು ಸಾಟಾ ಮಾತಿಗೆ ತಿರುಗಿಸುವ ದುಭಾಷಿ. ಹಳೆಯ ಪದ್ಧತಿಯಲ್ಲಿ ಅದು ಒಂದು ಆಜ್ಞೆ ಮುಗಿಯುವ ತನಕ ಇನ್ನೊಂದನ್ನು ತೆಗೆದುಕೊಳ್ಳುವುದಿಲ್ಲ. ಯುಎಎಸ್ ಎಂಬ ಹೊಸ ಪದ್ಧತಿಯಲ್ಲಿ ಹಲವು ಆಜ್ಞೆಗಳನ್ನು ಸಾಲಾಗಿ ಕೊಡಬಹುದು. ಒಂದೇ ಎಸ್‌ಎಸ್‌ಡಿ, ಒಂದೇ ಎರಡನೇ ಕೇಸ್: ಯುಎಎಸ್ ಬಂದ್ ಮಾಡಿ 4 ಕೆಬಿ ತುಣುಕುಗಳನ್ನು ಅಲ್ಲಲ್ಲಿಂದ ಓದಿಸಿದಾಗ 22 ಎಂಬಿ, ಯುಎಎಸ್ ಜೊತೆ 32 ಆಜ್ಞೆಗಳ ಸಾಲಿನಲ್ಲಿ ಸುಮಾರು 140. ಹೊರಗಿನ ಡಿಸ್ಕಿನಿಂದಲೇ ಆಪರೇಟಿಂಗ್ ಸಿಸ್ಟಂ ಓಡಿಸುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬ್ಯಾಕಪ್‌ಗೆ ಮಾತ್ರ ಬಳಸುವವರಿಗೆ ಅಷ್ಟಿಲ್ಲ.

ನಿಮ್ಮದು ಯಾವ ಪದ್ಧತಿಯಲ್ಲಿ, ಯಾವ ವೇಗದಲ್ಲಿ ಓಡುತ್ತಿದೆ ಎಂದು ತಿಳಿಯಲು `lsusb -t` ಸಾಕು.

```
|__ Port 2: Dev 3, If 0, Class=Mass Storage, Driver=uas, 5000M
```

`Driver=usb-storage` ಎಂದಿದ್ದರೆ ಹಳೆಯ ಪದ್ಧತಿ. ಕೊನೆಯಲ್ಲಿ `480M` ಎಂದಿದ್ದರೆ ಯುಎಸ್‌ಬಿ 2.0ಕ್ಕೆ ಇಳಿದಿದೆ. ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ಡಿವೈಸ್ ಮ್ಯಾನೇಜರ್ ತೆರೆದು `USB Attached SCSI (UAS) Mass Storage Device` ಎಂಬ ಹೆಸರು ಇದೆಯೇ ನೋಡಬಹುದು.

ಕೆಲವು ಕೇಸ್‌ಗಳ ಹಳೆ ಫರ್ಮ್‌ವೇರ್‌ಗೆ ಯುಎಎಸ್ ಸರಿಯಾಗಿ ಒಗ್ಗುವುದಿಲ್ಲ. ದೊಡ್ಡ ನಕಲು ನಡುವೆ ಅರ್ಧ ನಿಮಿಷ ಕಲ್ಲಿನಂತೆ ನಿಂತು ಮತ್ತೆ ಹೊರಡುತ್ತದೆ, ಕರ್ನಲ್ ಸಂದೇಶಗಳನ್ನು ತೋರಿಸುವ `dmesg`ನಲ್ಲಿ `uas_eh_abort_handler` ಎಂಬ ಸಾಲುಗಳು ಸಾಲುಗಟ್ಟಿರುತ್ತವೆ. ಆಗ `lsusb` ತೋರಿಸುವ ಐಡಿಯನ್ನು ಬೂಟ್ ಸಮಯದ ಕರ್ನಲ್ ಆಜ್ಞಾಸಾಲಿಗೆ ಸೇರಿಸಿ, ಆ ಒಂದು ಕೇಸಿಗೆ ಮಾತ್ರ ಯುಎಎಸ್ ನಿಲ್ಲಿಸಬಹುದು. ಜೆಎಂಎಸ್578ರ ಐಡಿಯಲ್ಲಿ ಅದು ಹೀಗಿರುತ್ತದೆ:

```
usb-storage.quirks=152d:0578:u
```

ವೇಗ ಇಳಿದರೂ ನಕಲು ನಿಲ್ಲುವುದಿಲ್ಲ. ಆದರೆ ಇದಕ್ಕೆ ಕೈ ಹಾಕುವ ಮೊದಲು ಕೇಬಲ್ ಬದಲಿಸಿ ನೋಡಿ, ಏಕೆಂದರೆ ಕೆಟ್ಟ ಕೇಬಲ್ ಕೂಡ ಇದೇ ಸಾಲುಗಳನ್ನು ಬರೆಸುತ್ತದೆ.

ಕೇಬಲ್‌ನಲ್ಲಿ ಮೋಸ ಹೋಗುವುದು ಮೂರು ಕಡೆ. ಒಂದು, ಎರಡನೇ ಕೇಸಿನ ಅಗಲ ಕಿಂಡಿ. ಅದರ ದೊಡ್ಡ ಅರ್ಧಕ್ಕೆ ಹಳೆ ಫೋನಿನ ಸಾಮಾನ್ಯ ಮೈಕ್ರೋ ಕೇಬಲ್ ಚೆನ್ನಾಗಿಯೇ ಕೂರುತ್ತದೆ, ಡಿಸ್ಕ್ ಕಾಣಿಸಿಕೊಳ್ಳುತ್ತದೆ, ಆದರೆ ವೇಗದ ತಂತಿಗಳು ಪಕ್ಕದ ಚಿಕ್ಕ ಅರ್ಧದಲ್ಲಿರುವುದರಿಂದ 36 ಎಂಬಿಗೆ ನಿಲ್ಲುತ್ತದೆ. ಎರಡು, ಟೈಪ್-ಸಿ. ಫೋನ್ ಚಾರ್ಜರ್ ಜೊತೆ ಬರುವ ಎಷ್ಟೋ ಟೈಪ್-ಸಿ ಕೇಬಲ್‌ಗಳಲ್ಲಿ ವೇಗದ ಜೋಡಿ ತಂತಿಗಳೇ ಇರುವುದಿಲ್ಲ. ನೋಡಲು ಎರಡೂ ಒಂದೇ, ಅಳೆದರೆ ಮಾತ್ರ ಗೊತ್ತಾಗುತ್ತದೆ. ಮೂರನೆಯದು ಕೇಳಿದರೆ ನಂಬಲಾರಿರಿ: ಆಯತಾಕಾರದ ಟೈಪ್-ಎ ಪ್ಲಗ್ಗನ್ನು ನಿಧಾನವಾಗಿ ತೂರಿಸಿದರೂ ವೇಗ ಬೀಳಬಹುದು. ಹಳೆಯ ಪಿನ್‌ಗಳು ಮೊದಲು ತಾಗುತ್ತವೆ, ಹೊಸ ಐದು ಪಿನ್ ತಾಗುವಷ್ಟರಲ್ಲಿ ಕಂಪ್ಯೂಟರ್ 480ಕ್ಕೆ ಒಪ್ಪಿಕೊಂಡುಬಿಟ್ಟಿರುತ್ತದೆ. ತೆಗೆದು ಒಂದೇ ಏಟಿಗೆ ಪೂರ್ತಿ ಸಿಕ್ಕಿಸಿದರೆ `5000M` ಬರುತ್ತದೆ. ಅಗ್ಗದ ಕೆಲವು ಟೈಪ್-ಸಿ ಕೇಸ್‌ಗಳಲ್ಲಿ ಪ್ಲಗ್ ತಿರುಗಿಸಿದರೆ ಮಾತ್ರ ವೇಗ ಸಿಗುವುದೂ ಉಂಟು, ಕಿಂಡಿಯ ಒಂದು ಬದಿಗೆ ಮಾತ್ರ ತಂತಿ ಬೆಸೆದಿರುತ್ತಾರೆ.

ಕೇಬಲ್ ಚಿಕ್ಕದಾದಷ್ಟೂ ಒಳ್ಳೆಯದು, ವೇಗಕ್ಕಿಂತ ಕರೆಂಟಿಗಾಗಿ. ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ 5 ವೋಲ್ಟ್‌ನಲ್ಲಿ ಸುಮಾರು 1 ಆಂಪಿಯರ್ ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 0.5, ಯುಎಸ್‌ಬಿ 3.0 ಪೋರ್ಟ್ 0.9. ಹೆಚ್ಚಿನ ಪೋರ್ಟ್‌ಗಳು ಸ್ವಲ್ಪ ಉದಾರ, ಅದಕ್ಕೇ ಹೇಗೋ ನಡೆಯುತ್ತದೆ. ತೆಳು ತಂತಿಯ ಒಂದೂವರೆ ಮೀಟರ್ ಕೇಬಲ್ ಅಥವಾ ಪವರ್ ಇಲ್ಲದ ಹಬ್ ನಡುವೆ ಬಂದರೆ ವೋಲ್ಟೇಜ್ ಕುಸಿದು ಡಿಸ್ಕ್ ಟಿಕ್ ಅಂದು ನಿಂತು, ಮತ್ತೆ ತಿರುಗಲು ಯತ್ನಿಸಿ, ಮತ್ತೆ ಟಿಕ್ ಅನ್ನುತ್ತದೆ. ಡಿಸ್ಕ್ ಸತ್ತಿತು ಎಂದು ಹೆದರುವ ಮೊದಲು ಗಿಡ್ಡ ಕೇಬಲ್‌ನಲ್ಲಿ ನೇರವಾಗಿ ಕಂಪ್ಯೂಟರಿನ ಪೋರ್ಟ್‌ಗೆ ಹಾಕಿ ನೋಡಿ. ಎಸ್‌ಎಸ್‌ಡಿಯಲ್ಲಿ ತಿರುಗಿಸಲು ಏನೂ ಇಲ್ಲದ ಕಾರಣ ಈ ಕಾಟ ತೀರ ಕಡಿಮೆ.

ಇಷ್ಟಾದರೂ ತಪ್ಪುಗಳು ನಿಲ್ಲದಿದ್ದರೆ ತಪ್ಪು ಯಾರದ್ದೆಂದು ಡಿಸ್ಕನ್ನೇ ಕೇಳಬಹುದು:

```
sudo smartctl -d sat -A /dev/sdX
```

197 ಎಂಬ ಸಂಖ್ಯೆಯಿಂದ ಶುರುವಾಗುವ ಸಾಲಿನ ಕೊನೆಯ ಅಂಕಿ ಸೊನ್ನೆಗಿಂತ ಹೆಚ್ಚಿದ್ದರೆ ಡಿಸ್ಕಿನ ಮೇಲೆಯೇ ಓದಲಾಗದ ಜಾಗಗಳಿವೆ, ಯಾವ ಕೇಸೂ ಅದನ್ನು ಸರಿಪಡಿಸುವುದಿಲ್ಲ. 199ರಿಂದ ಶುರುವಾಗುವ ಸಾಲಿನ ಕೊನೆಯ ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿಗೂ ಬ್ರಿಡ್ಜ್ ಚಿಪ್ಪಿಗೂ ನಡುವಿನ ಸಾಟಾ ಸಂಪರ್ಕ ಸಡಿಲ, ಡಿಸ್ಕನ್ನು ತೆಗೆದು ಮತ್ತೆ ನೇರವಾಗಿ ಒತ್ತಿ ಕೂರಿಸಿ, ಸ್ಪಂಜ್ ಹಾಕಿ. ಆ ಅಂಕಿ ಹಿಂದಕ್ಕೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಎರಡೂ ಕದಲದೆ `dmesg`ನಲ್ಲಿ ಮಾತ್ರ ಯುಎಸ್‌ಬಿ ರೀಸೆಟ್‌ಗಳು ಬರುತ್ತಿದ್ದರೆ ಸಾಟಾ ಬದಿ ಸ್ವಚ್ಛ. ಹುಡುಕಬೇಕಾದ್ದು ಚಿಪ್ಪಿನಿಂದ ಈಚೆಗೆ: ಕೇಬಲ್, ಪೋರ್ಟ್, ಹಬ್, ಕರೆಂಟ್.