ಬ್ಯಾಂಕ್ ಖಾತೆ ಮೂರು ದಿನಕ್ಕೆ ಪಾಸ್, ವಿಳಾಸ ಮೂರು ತಿಂಗಳು ಪೆಂಡಿಂಗ್

ನನ್ನ ಅಡುಗೆ ವಿಡಿಯೋಗಳ ಜಾಹೀರಾತಿನ ದುಡ್ಡು ಹೊರದೇಶದ ಒಂದು ಕಂಪನಿಯ ಪೇಮೆಂಟ್ ಖಾತೆಯಿಂದ ಬರುತ್ತದೆ. ಶುರುಮಾಡಿ ಎರಡು ವರ್ಷ ಆಯಿತು. ಈಗ ತಿಂಗಳಾ ತಿಂಗಳಾ ಸರಿಯಾಗಿ ಬರುತ್ತಿದೆ, ಆ ಬಗ್ಗೆ ತಕರಾರಿಲ್ಲ. ಆದರೆ ಮೊದಲ ದುಡ್ಡು ಕೈಗೆ ಸಿಗುವಷ್ಟರಲ್ಲಿ ಸಾಕುಸಾಕಾಗಿ ಹೋಗಿತ್ತು.

ಬ್ಯಾಂಕ್ ಖಾತೆ ಜೋಡಿಸೋದು ಸುಲಭ. ಅವರು ಒಂದು ರೂಪಾಯಿ ಚಿಲ್ಲರೆ ಹಾಕುತ್ತಾರೆ. ಎಷ್ಟು ಬಂತು ಅಂತ ಪೈಸೆ ಸಮೇತ ನೋಡಿ ಅಲ್ಲಿ ಬರೆಯಬೇಕು. ಖಾತೆ ತೆರೆದು ನೋಡಲು ಸಾಧ್ಯವಿದ್ದವರಿಗೆ ಮಾತ್ರ ಆ ಮೊತ್ತ ಗೊತ್ತಾಗುತ್ತದೆ, ಅಷ್ಟೇ ಪರೀಕ್ಷೆ. ನನಗೆ ಮೊದಲ ಸಲ ಚಿಲ್ಲರೆ ಬರಲೇ ಇಲ್ಲ. ಹಳೆ ಪಾಸ್‌ಬುಕ್ ನೋಡಿ SYNB ಅಂತ ಶುರುವಾಗುವ IFSC ಹಾಕಿದ್ದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾ ಬ್ಯಾಂಕಿನೊಳಗೆ ಸೇರಿತಲ್ವಾ, ಆ ಕೋಡ್ ಈಗ ನಡೆಯೋದಿಲ್ಲ. CNRB ಇರುವ ಹೊಸ ಕೋಡ್ ಹಾಕಿದ ಮೇಲೆ ಮೂರನೇ ದಿನಕ್ಕೆ ಕೆಲಸ ಮುಗಿಯಿತು.

ವಿಳಾಸ ಮಾತ್ರ ಪೆಂಡಿಂಗ್. ಬ್ಯಾಂಕಿನಲ್ಲಿ ಆಧಾರ್, ಪ್ಯಾನ್ ಎಲ್ಲಾ ಇದೆ, ಮತ್ತೆ ಇದೇನು ಅಂತ ಸಿಟ್ಟು ಬಂತು. ಆದರೆ ಖಾತೆ ನನ್ನದು ಅಂತ ಗೊತ್ತಾದ ಮಾತ್ರಕ್ಕೆ ನಾನು ಬೆಟಗೇರಿಯ ಆ ಮನೆಯಲ್ಲೇ ಇದ್ದೇನೆ ಅಂತ ಗೊತ್ತಾಗೋದಿಲ್ಲ. ಅದಕ್ಕೆ ಅವರು ಆರು ಅಂಕಿಯ ಪಿನ್ ಇರುವ ಕಾರ್ಡನ್ನು ಅಂಚೆಯಲ್ಲಿ ಕಳಿಸುತ್ತಾರೆ. ಪೆಂಡಿಂಗ್ ಅಂದರೆ ಅಲ್ಲಿ ಯಾರೋ ಕೂತು ನನ್ನ ಫೈಲ್ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಯಾರೂ ನೋಡುತ್ತಿರಲಿಲ್ಲ. ನಾವು ಪಿನ್ ಹಾಕುವವರೆಗೂ ಅದು ಪೆಂಡಿಂಗೇ.

ಕಾರ್ಡ್ ಬರೋದು ಸಾದಾ ಅಂಚೆಯಲ್ಲಿ. ಟ್ರ್ಯಾಕಿಂಗ್ ನಂಬರ್ ಇಲ್ಲ, ಎಲ್ಲಿದೆ ಅಂತ ಕೇಳುವ ಹಾಗೂ ಇಲ್ಲ. ಐದು ವಾರ ಕಾದು ಎರಡನೇ ಕಾರ್ಡ್ ಕೇಳಿದೆ. ಅದೂ ಬರದಿದ್ದಾಗ ನಮ್ಮ ಓಣಿಯ ಪೋಸ್ಟ್‌ಮ್ಯಾನ್‌ಗೆ ಫೋನಿನಲ್ಲಿ ನನ್ನ ವಿಳಾಸ ತೋರಿಸಿದೆ.

"ಅಕ್ಕಾರ, ಈ ಓಣ್ಯಾಗ ನಿಮ್ಮ ಹೆಸರಿನವ್ರು ನಾಕು ಮಂದಿ ಅದಾರ. ಮನಿ ನಂಬರ್ ಇಲ್ಲಂದ್ರ ಯಾರಿಗಂತ ಕೊಡ್ಲಿ? ಮ್ಯಾಲ ಇದು ಗದಗಿನ ಪಿನ್‌ಕೋಡ್ ಐತಿ."

ಸರಿಯಾಗಿ ನೋಡಿದರೆ, ಮೊದಲ ಸಾಲಿನಲ್ಲೇ ಗುಡಿ, ಗಿರಣಿ, ಹಿಂದಿನ ಓಣಿ ಅಂತ ಉದ್ದಕ್ಕೆ ಬರೆದಿದ್ದೆ. ಸಾಲು ತುಂಬಿ ಕೊನೆಯಲ್ಲಿದ್ದ ಮನೆ ನಂಬರ್ ಕತ್ತರಿಸಿ ಹೋಗಿತ್ತು. ಪಿನ್‌ಕೋಡ್ ಬೆಟಗೇರಿಯ 582102 ಬದಲು ಅಭ್ಯಾಸಬಲದಿಂದ 582101 ಹಾಕಿದ್ದೆ.

ಮನೆ ನಂಬರ್ ಮೊದಲು, ಓಣಿ ಆಮೇಲೆ, ಗುರುತು ಎರಡನೇ ಸಾಲಿಗೆ, ಕೊನೆಗೆ ಫೋನ್ ನಂಬರ್. ಹೀಗೆ ತಿದ್ದಿ ಮೂರನೇ ಕಾರ್ಡ್ ಕೇಳಿದೆ. ಮೂರು ವಾರಕ್ಕೆ ಬಾಗಿಲಿಗೇ ಬಂತು. ತಮಾಷೆ ಅಂದರೆ ಮರುವಾರ ಗದಗ ಸುತ್ತಿಕೊಂಡು ಮೊದಲ ಕಾರ್ಡೂ ಬಂತು, ಎರಡರಲ್ಲೂ ಅದೇ ಪಿನ್!

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಕಾರ್ಡ್ ಯಾವ ತಾರೀಖಿಗೆ, ಯಾವ ವಿಳಾಸಕ್ಕೆ ಹೋಯಿತು ಅಂತ ಆ ಪೆಂಡಿಂಗ್ ಪಕ್ಕದಲ್ಲೇ ತೋರಿಸಿದ್ದರೆ ಇನ್ನರ್ಧ ಸೇರಿಸುತ್ತಿದ್ದೆ.