ನಾಲ್ಕು ಪಂದ್ಯದ ಅಕ್ಯುಮ್ಯುಲೇಟರ್‌ನಲ್ಲಿ ಒಂದು ವಾಯ್ಡ್ ಆದರೆ ಮುಕ್ಕಾಲು ದುಡ್ಡು ಬರಲ್ಲ

ಬನಹಟ್ಟಿ, ರಬಕವಿ, ಜಮಖಂಡಿ ಕಡೆ ಕ್ರಿಕೆಟ್ ಬೆಟ್ಟಿಂಗ್‌ಗೆ ಕೈ ಹಾಕಿರುವ ಹುಡುಗರು ಇದನ್ನು ಪೂರ್ತಿ ಓದಿ. ಅವರ ಮನೆಯವರೂ ಓದಿ. ನನ್ನ ಅಕ್ಕನ ಮಗನಿಗೆ ಆದದ್ದನ್ನು ಅಂಕಿ ಸಮೇತ ಬರೆಯುತ್ತಿದ್ದೇನೆ. ಅವನು ಪವರ್‌ಲೂಮ್ ಕೆಲಸಕ್ಕೆ ಹೋಗುತ್ತಾನೆ, ವಾರದ ಪಗಾರದಲ್ಲಿ ಮನೆ ನಡೆಯುತ್ತದೆ. ನಾನು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು, ಹಾಗಾಗಿ ಅವನು ಫೋನ್ ಹಿಡಿದುಕೊಂಡು ನನ್ನ ಹತ್ತಿರವೇ ಬಂದ.

ಅವನು ಒಬ್ಬ ಏಜೆಂಟ್ ಮೂಲಕ ನಾಲ್ಕು ಪಂದ್ಯ ಕೂಡಿಸಿ ಒಂದೇ ಬೆಟ್ ಹಾಕಿದ್ದ. ಇದಕ್ಕೇ ಅಕ್ಯುಮ್ಯುಲೇಟರ್ ಅನ್ನೋದು, ಕೆಲವರು ಮಲ್ಟಿ ಅಂತಾರೆ. ಒಂದೊಂದು ಪಂದ್ಯವೂ ಒಂದೊಂದು ಲೆಗ್. ಗೆದ್ದರೆ ಹಾಕಿದ ದುಡ್ಡು ಎಷ್ಟು ಪಟ್ಟಾಗಿ ಬರುತ್ತದೆ ಅನ್ನುವ ಅಂಕಿಯೇ ಆಡ್ಸ್. ನಾಲ್ಕರ ಆಡ್ಸ್ 1.80, 2.10, 1.50, 2.40. ಸ್ಟೇಕ್, ಅಂದರೆ ಬೆಟ್‌ಗೆ ಹಾಕಿದ ದುಡ್ಡು, ₹500; ಫೋನ್‌ನಲ್ಲೇ ಮುಂಗಡ ಕಳಿಸಿದ್ದ. ಸ್ಲಿಪ್‌ನಲ್ಲಿ ಒಟ್ಟು ಆಡ್ಸ್ 13.61, ಬರುವ ಮೊತ್ತ ₹6,804 ಅಂತ ಇತ್ತು. ಮೊದಲ ಮೂರು ಪಂದ್ಯ ಅವನು ಹೇಳಿದ ತಂಡಗಳೇ ಗೆದ್ದವು. ನಾಲ್ಕನೆಯದು ಮಳೆಗೆ ಸಿಕ್ಕಿ ಫಲಿತಾಂಶವಿಲ್ಲದೆ ನಿಂತಿತು. ಆ ಲೆಗ್ ವಾಯ್ಡ್, ಅಂದರೆ ರದ್ದು.

"ಮಾಮಾ, ನಾಕರಾಗ ಮೂರು ಗೆದ್ದಾವು. ಅಂದ್ರ ಮುಕ್ಕಾಲು ರೊಕ್ಕ ಬರಬೇಕಲ್ಲ? ಐದು ಸಾವಿರದ ಮ್ಯಾಲ ಆಗ್ತೈತಿ. ಅಂವಾ ಎರಡು ಸಾವಿರದ ಮುನ್ನೂರ ಮೂವತ್ತೈದು ಅಷ್ಟೇ ಹಾಕ್ಯಾನ."

ಅವನ ಲೆಕ್ಕ ತಪ್ಪಿತ್ತು. ಏಜೆಂಟ್ ಕೊಟ್ಟದ್ದೂ ತಪ್ಪಿತ್ತು. ಈ ಎರಡು ತಪ್ಪು ಬೇರೆ ಬೇರೆ, ಅದಕ್ಕೇ ಬಿಡಿಸಿ ಹೇಳಬೇಕು. ಐದು ಸಾವಿರ ಬರುತ್ತೆ ಅಂತ ನಂಬಿ ಅವನು ಆಗಲೇ ಗೆಳೆಯನ ಹತ್ತಿರ ಕೈಗಡ ತಗೊಂಡು ಖರ್ಚು ಮಾಡಿಬಿಟ್ಟಿದ್ದ.

ಮೊದಲು ಮುಕ್ಕಾಲಿನ ವಿಷಯ. ಅಕ್ಯುಮ್ಯುಲೇಟರ್‌ನಲ್ಲಿ ಆಡ್ಸ್‌ಗಳನ್ನು ಕೂಡಿಸುವುದಿಲ್ಲ, ಗುಣಿಸುತ್ತಾರೆ. ಮೊದಲ ಪಂದ್ಯ ಗೆದ್ದಾಗ ಬಂದ ಪೂರ್ತಿ ದುಡ್ಡು ಎರಡನೆಯದಕ್ಕೆ ಸ್ಟೇಕ್ ಆಗುತ್ತದೆ. ಅದು ಗೆದ್ದರೆ ಬಂದದ್ದೆಲ್ಲ ಮೂರನೆಯದಕ್ಕೆ. ಹೀಗೆ 500 ರೂಪಾಯಿ ಮೊದಲ ಪಂದ್ಯಕ್ಕೆ 900 ಆಯಿತು, ಎರಡನೆಯದಕ್ಕೆ 1,890, ಮೂರನೆಯದಕ್ಕೆ 2,835. ನಾಲ್ಕನೆಯ ಪಂದ್ಯವೂ ನಡೆದು ಗೆದ್ದಿದ್ದರೆ ಈ 2,835 ರೂಪಾಯಿ 2.40 ಪಟ್ಟಾಗಿ 6,804 ಆಗುತ್ತಿತ್ತು. ಪಂದ್ಯವೇ ರದ್ದಾದ ಮೇಲೆ ದುಡ್ಡು ಬೆಳೆಯುವುದೂ ಇಲ್ಲ, ಹೋಗುವುದೂ ಇಲ್ಲ, ಇದ್ದಷ್ಟೇ ಇರುತ್ತದೆ. ಅದಕ್ಕೇ ವಾಯ್ಡ್ ಲೆಗ್‌ನ ಆಡ್ಸ್ 1.00 ಅಂತ ಹಿಡಿಯುವುದು.

```
1.80 × 2.10 × 1.50 × 1.00 = 5.67
500 × 5.67 = 2835   (ಕೈಗೆ ಬರುವ ಮೊತ್ತ)
2835 − 500 = 2335   (ಲಾಭ)
```

ಹುಡುಗ ಅಂದುಕೊಂಡಿದ್ದ ಮುಕ್ಕಾಲು ಅಂದರೆ ₹5,103. ನಿಜವಾದ ಮೊತ್ತ ಅದರ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಯಾಕೆ ಅಷ್ಟು ವ್ಯತ್ಯಾಸ ಅಂದರೆ, ರದ್ದಾದದ್ದು ನಾಲ್ಕರಲ್ಲೇ ದೊಡ್ಡ ಆಡ್ಸ್ ಇದ್ದ ಪಂದ್ಯ. ಇದೇ ಸ್ಲಿಪ್‌ನಲ್ಲಿ 1.50ರ ಪಂದ್ಯ ರದ್ದಾಗಿ ಉಳಿದ ಮೂರು ಗೆದ್ದಿದ್ದರೆ ₹4,536 ಬರುತ್ತಿತ್ತು. ಎಷ್ಟು ಪಂದ್ಯ ರದ್ದಾಯಿತು ಅನ್ನುವುದಕ್ಕಿಂತ ಯಾವ ಪಂದ್ಯ ರದ್ದಾಯಿತು ಅನ್ನುವುದೇ ಇಲ್ಲಿ ಮುಖ್ಯ. ಬೇಗ ಲೆಕ್ಕ ಹಾಕಬೇಕಾದರೆ ಸ್ಲಿಪ್‌ನಲ್ಲಿದ್ದ ಪೂರ್ತಿ ಮೊತ್ತವನ್ನು ರದ್ದಾದ ಲೆಗ್‌ನ ಆಡ್ಸ್‌ನಿಂದ ಭಾಗಿಸಿ. 6,804 ಭಾಗಿಸು 2.40 ಅಂದರೆ 2,835. ಮುಕ್ಕಾಲು ಅನ್ನುವ ಲೆಕ್ಕ ಸರಿಯಾಗುವುದು ರದ್ದಾದ ಪಂದ್ಯದ ಆಡ್ಸ್ ಸುಮಾರು 1.33 ಇದ್ದಾಗ ಮಾತ್ರ.

ಭಾಗಿಸುವಾಗ ಒಂದೆರಡು ರೂಪಾಯಿ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ. ನಿಜವಾದ ಗುಣಾಕಾರ 13.608. ಪರದೆ ಮೇಲೆ ಅದನ್ನು 13.61 ಅಂತ ತೋರಿಸುತ್ತಾರೆ. 13.61ನ್ನು 500ರಿಂದ ಗುಣಿಸಿದರೆ 6,805 ಬರುತ್ತದೆ. ಆ ಒಂದು ರೂಪಾಯಿ ಮೋಸ ಅಲ್ಲ. ಮೋಸ ಬೇರೆ ಕಡೆ ಇತ್ತು.

ಹುಡುಗನಿಗೆ ಬಂದದ್ದು ₹2,335. ಏಜೆಂಟ್ ಕಳಿಸಿದ ವಾಯ್ಸ್ ಮೆಸೇಜ್ ನಾನೇ ಕೇಳಿದೆ. "ನಿನ್ನ ಲಾಭ ಇಷ್ಟೇ ಆತು, ಹಾಕೀನಿ ನೋಡು." ಅವನು ಹೇಳಿದ ಲಾಭದ ಅಂಕಿ ಸರಿಯಾಗೇ ಇದೆ, ಹಾಗಾಗಿ ಕೇಳಿದವರಿಗೆ ಅನುಮಾನ ಬರುವುದಿಲ್ಲ. ಆದರೆ ಹುಡುಗ 500 ರೂಪಾಯಿ ಮೊದಲೇ ಕೊಟ್ಟಿದ್ದನಲ್ವಾ? ಹಾಗಿದ್ದ ಮೇಲೆ ಅವನ ಕೈಗೆ ಲಾಭದ ಜೊತೆ ಸ್ಟೇಕ್ ಕೂಡ ವಾಪಸ್ ಬರಬೇಕು, ಒಟ್ಟು ₹2,835. ಬರೀ ಲಾಭ ಕೊಟ್ಟು ಕೈತೊಳೆದುಕೊಂಡರೆ ಏಜೆಂಟ್ ಜೇಬಿಗೆ ಸದ್ದಿಲ್ಲದೆ 500 ಉಳಿಯಿತು. ಬರೀ ₹2,335 ಕೊಡುವುದು ಸರಿಯಾಗುವುದು ಉದ್ರಿ ಆಟದಲ್ಲಿ. ಅಲ್ಲಿ ಮೊದಲು ದುಡ್ಡು ಕೊಟ್ಟಿರುವುದಿಲ್ಲ, ಹಾಗಾಗಿ ಸ್ಟೇಕ್ ವಾಪಸ್ ಕೊಡುವ ಪ್ರಶ್ನೆ ಇಲ್ಲ. ಈ ಏಜೆಂಟ್ ಉದ್ರಿಯವರಿಗೂ ರೋಖಿನವರಿಗೂ ಒಂದೇ ಥರ ಲೆಕ್ಕ ಚುಕ್ತಾ ಮಾಡುತ್ತಿದ್ದ. ಅವನ ಹತ್ತಿರ ಆಡುವ ಉಳಿದ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ, ಯಾಕಂದರೆ ಗೆದ್ದಾಗ ಎಲ್ಲರೂ ಖುಷಿಯಲ್ಲಿರುತ್ತಾರೆ, ಬಂದ ಅಂಕಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಹುಡುಗ ಫೋನ್ ಮಾಡಿ ಕೇಳಿದಾಗ ಏಜೆಂಟ್ ಇನ್ನೊಂದು ಲೆಕ್ಕ ತೆಗೆದ. ಇದು ಇನ್ನೂ ಅಪಾಯದ್ದು. ನಮ್ಮ ಕಡೆ ರೇಟನ್ನು ಪೈಸೆಯಲ್ಲಿ ಹೇಳುವ ರೂಢಿ ಇದೆ. 1.80 ಅಂದರೆ ಎಂಬತ್ತು ಪೈಸೆ, ನೂರಕ್ಕೆ ಎಂಬತ್ತು ಲಾಭ. 1.50 ಅಂದರೆ ಐವತ್ತು ಪೈಸೆ. ಒಂದೇ ಪಂದ್ಯಕ್ಕೆ ಹೀಗೆ ಹೇಳಿದರೆ ತೊಂದರೆ ಇಲ್ಲ. ಅಕ್ಯುಮ್ಯುಲೇಟರ್‌ಗೆ ಪೈಸೆಯನ್ನೇ ಗುಣಿಸಿದರೆ ಲೆಕ್ಕ ಹಾಳಾಗುತ್ತದೆ. 0.80, 1.10, 0.50 ಗುಣಿಸಿದರೆ 0.44. ಐನೂರಕ್ಕೆ 220 ರೂಪಾಯಿ. ನಿಜವಾದ ಲಾಭ 2,335 ಇರುವಲ್ಲಿ 220! ರದ್ದಾದ ಪಂದ್ಯಕ್ಕೆ ಪೈಸೆ ಲೆಕ್ಕದಲ್ಲಿ ಲಾಭ ಸೊನ್ನೆ, ಅದನ್ನೂ ಗುಣಿಸಿದರೆ ಇಡೀ ಸ್ಲಿಪ್ಪೇ ಸೊನ್ನೆ. "ಖರೇ ಲೆಕ್ಕ ಹಾಕಿದ್ರ ನಿನಗ ಏನೂ ಬರೂದಿಲ್ಲ, ನಾನಾ ದೊಡ್ಡ ಮನಸ್ಸು ಮಾಡಿ ಕೊಟ್ಟೀನಿ" ಅಂದನಂತೆ. ಹುಡುಗ ಹೆದರಿ ಫೋನ್ ಇಟ್ಟುಬಿಟ್ಟ. ಪೈಸೆಯಲ್ಲಿ ರೇಟ್ ಹೇಳಿದ್ದರೆ ಪ್ರತಿಯೊಂದಕ್ಕೂ ಮೊದಲು ಒಂದು ರೂಪಾಯಿ ಸೇರಿಸಿಕೊಳ್ಳಬೇಕು, ಆಮೇಲೆ ಎಲ್ಲವನ್ನೂ ಸ್ಟೇಕ್ ಜೊತೆ ಗುಣಿಸಬೇಕು, ಲಾಭ ಎಷ್ಟು ಅಂತ ತಿಳಿಯಲು ಕೊನೆಗೆ ಒಮ್ಮೆ ಸ್ಟೇಕ್ ಕಳೆಯಬೇಕು. ನಡುವೆ ಎಲ್ಲೂ ಕಳೆಯಬಾರದು.

ವಾಯ್ಡ್ ಯಾವುದು, ಯಾವುದು ಅಲ್ಲ ಅನ್ನುವುದರಲ್ಲೂ ಜಗಳ ಆಗುತ್ತದೆ. ಮಳೆ ಬಂದ ಪಂದ್ಯವೆಲ್ಲ ವಾಯ್ಡ್ ಅಲ್ಲ. ಟಿ20ಯಲ್ಲಿ ಎರಡನೇ ತಂಡಕ್ಕೂ ಕನಿಷ್ಠ 5 ಓವರ್ ಆಟ ಸಿಕ್ಕಿದ್ದರೆ ಡಕ್‌ವರ್ತ್ ಲೂಯಿಸ್ ಸ್ಟರ್ನ್ ಪ್ರಕಾರ ಗೆದ್ದವರನ್ನು ತೀರ್ಮಾನಿಸಬಹುದು. ಹಾಗೆ ಫಲಿತಾಂಶ ಬಂದರೆ ಸಾಮಾನ್ಯವಾಗಿ ಆ ಲೆಗ್ ಲೆಕ್ಕಕ್ಕೆ ಇರುತ್ತದೆ. ಸ್ಕೋರ್‌ಕಾರ್ಡ್‌ನಲ್ಲಿ 'No result' ಅಥವಾ 'Abandoned' ಅಂತ ಇದ್ದರೆ ಯಾರು ಗೆಲ್ಲುತ್ತಾರೆ ಅನ್ನುವ ಬೆಟ್ ವಾಯ್ಡ್. ಇನ್ನೊಂದು ಮಾತು. ಒಂದು ಲೆಗ್ ವಾಯ್ಡ್ ಆಯಿತು ಅಂತ ಸ್ಟೇಕ್ ವಾಪಸ್ ಬರುವುದಿಲ್ಲ. ಉಳಿದ ಮೂರರಲ್ಲಿ ಒಂದು ಸೋತರೂ ಪೂರ್ತಿ 500 ಹೋಯಿತು. ನಾಲ್ಕೂ ವಾಯ್ಡ್ ಆದರೆ ಮಾತ್ರ ಕೊಟ್ಟ ದುಡ್ಡು ವಾಪಸ್. ನಾಲ್ಕು ಲೆಗ್‌ಗೆ ಅಂತ ಏನಾದರೂ ಬೋನಸ್ ಆಸೆ ತೋರಿಸಿದ್ದರೆ, ಲೆಗ್ ಮೂರಕ್ಕೆ ಇಳಿದ ಕೂಡಲೇ ಅದನ್ನೂ ಕತ್ತರಿಸಬಹುದು. ಷರತ್ತು ಓದದೆ ಅದನ್ನು ಲಾಭಕ್ಕೆ ಸೇರಿಸಿಕೊಳ್ಳಬೇಡಿ.

ಲೆಕ್ಕ ಸರಿಯಾಗಿ ಕೊಡುವವನು ಸಿಕ್ಕರೆ ಆಡಬಹುದಾ ಅಂತ ಹುಡುಗ ಕೇಳಿದ. ಅವನಿಗೆ ಹಾಳೆ ಮೇಲೆ ಬರೆದು ತೋರಿಸಿದ್ದನ್ನೇ ಇಲ್ಲೂ ಬರೆಯುತ್ತೇನೆ. ಎರಡೂ ತಂಡ ಸಮಬಲ ಇದ್ದರೆ ನ್ಯಾಯವಾದ ಆಡ್ಸ್ 2.00. ಬುಕ್ಕಿ ಕೊಡುವುದು 1.90 ಅಂತ ಇಟ್ಟುಕೊಳ್ಳಿ. ಒಂದು ಪಂದ್ಯಕ್ಕೆ ಐನೂರು ಹಾಕಿ ಗೆದ್ದರೆ 1,000 ಬರಬೇಕಾದಲ್ಲಿ 950 ಬರುತ್ತದೆ. ನೂರಕ್ಕೆ ಐದು ರೂಪಾಯಿ ಕಡಿತ, ಸಣ್ಣದು ಅನಿಸುತ್ತದೆ. ಅಂಥ ನಾಲ್ಕು ಪಂದ್ಯ ಗುಣಿಸಿದರೆ ನ್ಯಾಯವಾದ ಆಡ್ಸ್ 16, ಅವನು ಕೊಡುವುದು 13.03. ಗೆದ್ದರೂ ₹8,000 ಬರಬೇಕಾದಲ್ಲಿ ಸುಮಾರು ₹6,516 ಬರುತ್ತದೆ. ನೂರಕ್ಕೆ ಹದಿನೆಂಟೂವರೆ ರೂಪಾಯಿ ಮೊದಲೇ ಹೋಯಿತು. ಲೆಗ್ ಜಾಸ್ತಿ ಆದಷ್ಟೂ ಪರದೆ ಮೇಲಿನ ಮೊತ್ತ ಹಿಗ್ಗುತ್ತದೆ, ಒಳಗಿನ ಕಡಿತವೂ ಹಿಗ್ಗುತ್ತದೆ. ಏಜೆಂಟ್‌ಗಳು ಒಂದೇ ಪಂದ್ಯದ ಬೆಟ್‌ಗಿಂತ ಮಲ್ಟಿ ಹಾಕು ಹಾಕು ಅಂತ ಬೆನ್ನು ಹತ್ತುವುದು ಇದಕ್ಕೇ.

ಉಳಿದ 500 ರೂಪಾಯಿ ವಸೂಲಿ ಮಾಡಲು ದಾರಿ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿ ಕಟ್ಟುವ ಕರಾರಿಗೆ ಬೆಲೆ ಇಲ್ಲ, ಗೆದ್ದ ದುಡ್ಡು ಕೊಡಿಸಿ ಅಂತ ಕೋರ್ಟಿಗೆ ಹೋಗಲು ಆಗುವುದಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದು, ಅದರ ಜಾಹೀರಾತು ಮಾಡುವುದು, ದುಡ್ಡು ಸಾಗಿಸಿಕೊಡುವುದು ಇವನ್ನೆಲ್ಲ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಏಜೆಂಟ್‌ಗೆ ಇದು ಚೆನ್ನಾಗಿ ಗೊತ್ತು. ಜೋರಾಗಿ ಕೇಳಿದವರ ನಂಬರ್ ಬ್ಲಾಕ್ ಮಾಡುತ್ತಾನೆ, ನಮ್ಮ ಹುಡುಗನದ್ದನ್ನೂ ಮಾಡಿದ.

ಬ್ಲಾಕ್ ಮಾಡಿದ ಮೇಲೆ ಬೇರೆ ನಂಬರ್‌ನಿಂದ ಅವನಿಗೆ ಒಂದು ಮೆಸೇಜ್ ಬಂತು. ಬಾಕಿ ದುಡ್ಡು ಬಿಡಿಸಿಕೊಡುತ್ತೇವೆ, ಮೊದಲು ಟ್ಯಾಕ್ಸ್ ಅಂತ ₹850 ಕಳಿಸಿ ಅಂತ. ಗೆದ್ದ ದುಡ್ಡಿನ ಮೇಲಿನ ಟಿಡಿಎಸ್ ಅನ್ನು ಕೊಡುವವರೇ ಆ ದುಡ್ಡಿನಲ್ಲಿ ಹಿಡಿದುಕೊಳ್ಳಬೇಕು, ಗೆದ್ದವರು ಮುಂಗಡ ಕಳಿಸುವ ರೂಢಿ ಎಲ್ಲೂ ಇಲ್ಲ. ಅವನು ಕಳಿಸುವ ಮೊದಲು ನನಗೆ ತೋರಿಸಿದ. ಯಾರಾದರೂ ಇಂಥ ಮೆಸೇಜ್ ನಂಬಿ ಈಗಾಗಲೇ ದುಡ್ಡು ಕಳಿಸಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಹೋದ ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿ ಇಟ್ಟುಕೊಂಡೇ ಮಾತಾಡಿ, ಅವರು ಮೊದಲು ಕೇಳುವುದು ಇಂಥ ವಿವರವನ್ನೇ.